ಕಗ್ಗ ಭತ್ತದ ಒಂದು ಪ್ಯಾರಾ: ಇನ್ನೊಬ್ಬರ ಮಾತನ್ನು ನಮ್ಮ ಮಾತಲ್ಲಿ ಬರೆಯುವುದು ಹೇಗೆ?

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರ್ ಬಂತೆಂದರೆ ಪ್ರಾಜೆಕ್ಟ್ ರಿಪೋರ್ಟಿನ ಗಡಿಬಿಡಿ ಶುರುವಾಗುತ್ತದೆ. ಪಿಎಚ್.ಡಿ. ಮಾಡುವವರಿಗೆ ಈ ಗಡಿಬಿಡಿ ವರ್ಷಗಟ್ಟಲೆ ಇರುತ್ತದೆ. ಬರೆದ ಅಧ್ಯಾಯವನ್ನು, ಅದು ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಎಂದು ನೋಡುವ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ಅಲ್ಲಲ್ಲಿ ಬಣ್ಣ ಬಳಿದ ವರದಿ ವಾಪಸ್ ಬರುತ್ತದೆ. ಗೈಡ್ ಅದನ್ನು ನೋಡಿ, "ಇದನ್ನೆಲ್ಲ ನಿಮ್ಮ ಮಾತಲ್ಲಿ ಬರೀರಿ" ಎಂದು ಕಳಿಸುತ್ತಾರೆ.

ನಮ್ಮ ಮಾತಲ್ಲಿ ಬರೆಯುವುದು ಅಂದರೆ ಏನು ಎಂದು ಯಾರೂ ಕೂತು ಹೇಳಿಕೊಡುವುದು ಕಡಿಮೆ. ಹಾಗಾಗಿ ಜಾಸ್ತಿ ಮಂದಿ ಮಾಡುವುದು ಒಂದೇ ಕೆಲಸ: ಬಣ್ಣ ಹೋಗುವವರೆಗೆ ಪದ ಬದಲಿಸುತ್ತಾ ಹೋಗುವುದು. ಬಣ್ಣ ಹೋಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಅದು ಹೇಗೆ ಉಳಿಯುತ್ತದೆ, ಸರಿಯಾಗಿ ಬರೆಯಬೇಕಾದರೆ ಏನು ಮಾಡಬೇಕು ಎಂಬುದನ್ನು ಒಂದೇ ಒಂದು ಪ್ಯಾರಾ ಇಟ್ಟುಕೊಂಡು ನೋಡೋಣ.

## ಮೊದಲು ಕೆಲವು ಪದಗಳು

ಇನ್ನೊಬ್ಬರು ಬರೆದದ್ದನ್ನು ಒಂದಕ್ಷರ ಬದಲಿಸದೆ, ಉದ್ಧರಣ ಚಿಹ್ನೆಯ ಒಳಗೆ ಇಟ್ಟರೆ ಅದು ಉದ್ಧರಣೆ. ಅದೇ ವಿಚಾರವನ್ನು ನಮ್ಮ ವಾಕ್ಯದಲ್ಲಿ, ನಮ್ಮ ಜೋಡಣೆಯಲ್ಲಿ ಹೇಳಿದರೆ ಅದು ಪ್ಯಾರಾಫ್ರೇಸ್. ಕನ್ನಡದಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ತರಗತಿಯಲ್ಲಿ ಓಡಾಡುವ ಪದ ಪ್ಯಾರಾಫ್ರೇಸ್ ಆದ್ದರಿಂದ ಇಲ್ಲಿ ಅದನ್ನೇ ಬಳಸುತ್ತೇನೆ. ವಿಚಾರ ಯಾರದ್ದು, ಎಲ್ಲಿ ಸಿಕ್ಕಿತು ಎಂದು ತಿಳಿಸುವ ಗುರುತು ಉಲ್ಲೇಖ. ಅದು ಬ್ರಾಕೆಟ್‌ನಲ್ಲಿರಬಹುದು, ಅಡಿಟಿಪ್ಪಣಿಯಲ್ಲಿರಬಹುದು. ಉದ್ಧರಣೆಗೂ ಉಲ್ಲೇಖ ಬೇಕು, ಪ್ಯಾರಾಫ್ರೇಸ್‌ಗೂ ಬೇಕು. "ನನ್ನ ಮಾತಲ್ಲೇ ಬರೆದಿದ್ದೇನಲ್ಲ, ಮತ್ತೆ ಹೆಸರು ಯಾಕೆ?" ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ.

ಶಿರಸಿಗೆ ಹೊರಟವರ ಹತ್ತಿರ ಕಾರವಾರದ ನೆಂಟರೊಬ್ಬರು, "ನಾಳೆ ಸಂಜೆ ಬಸ್ಸಿಗೆ ಬಂದರೂ ಬರಬಹುದು, ಹೇಳಿಬಿಡು" ಎಂದು ಹೇಳಿ ಕಳಿಸಿದರು ಅಂದುಕೊಳ್ಳಿ. ಶಿರಸಿ ಮನೆಯಲ್ಲಿ ಆ ಸುದ್ದಿಯನ್ನು ನಾವು ನಮ್ಮ ಮಾತಲ್ಲೇ ಹೇಳುತ್ತೇವೆ. ಆದರೆ ಹೇಳಿದ್ದು ಯಾರು ಎಂಬುದನ್ನು ಬಿಡುವುದಿಲ್ಲ. "ಬರಬಹುದು" ಅಂದದ್ದನ್ನು "ಬರ್ತಾರೆ" ಎಂದು ಮಾಡುವುದೂ ಇಲ್ಲ. ಮಾಡಿದರೆ ಮನೆಯವರು ಸುಮ್ನೆ ಬಸ್ ಸ್ಟ್ಯಾಂಡಿಗೆ ಹೋಗಿ ಕಾಯಬೇಕಾಗುತ್ತದೆ. ಪ್ಯಾರಾಫ್ರೇಸ್‌ನಲ್ಲಿ ಇರಬೇಕಾದ ಮೂರೂ ಇದರಲ್ಲಿವೆ: ಮಾತು ನಮ್ಮದು, ಹೇಳಿದವರ ಹೆಸರು ಉಳಿದಿದೆ, ಅವರು ಎಷ್ಟು ಖಚಿತವಾಗಿ ಹೇಳಿದರೋ ಅಷ್ಟೇ ಖಚಿತತೆ ದಾಟಿದೆ. ಕೃತಿಚೌರ್ಯದ ಮಾತು ಬಂದಾಗ ಎಲ್ಲರೂ ಮೊದಲನೆಯದರ ಮೇಲೆ ಕಣ್ಣಿಡುತ್ತಾರೆ. ನನಗೆ ಕಂಡಂತೆ ಜಾಸ್ತಿ ಕೆಡುವುದು ಮೂರನೆಯದು.

## ನಮ್ಮ ಪ್ಯಾರಾ

ಈಗ ಅಘನಾಶಿನಿ ಅಳಿವೆಯ ಗಜನಿಗಳ ಬಗ್ಗೆ ಒಬ್ಬ ವಿದ್ಯಾರ್ಥಿನಿ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಗಜನಿ ಅಂದರೆ ಸಮುದ್ರದ ಉಬ್ಬರ ತಲುಪುವ ಜೌಗು ಗದ್ದೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಆಕೆಗೆ ಒಂದು ಪುಸ್ತಕದಲ್ಲಿ ಈ ಸಾಲುಗಳು ಸಿಕ್ಕಿವೆ. ಇದು ಯಾವ ಪುಸ್ತಕದ್ದೂ ಅಲ್ಲ, ಉದಾಹರಣೆಗೆಂದು ನಾನೇ ಬರೆದದ್ದು. ಲೇಖಕರನ್ನು ಸುಮ್ಮನೆ 'ಕ' ಎಂದು ಕರೆಯೋಣ, ಪುಸ್ತಕ 2015ರದ್ದು, ಪುಟ 42 ಎಂದುಕೊಳ್ಳೋಣ.

> ಕಗ್ಗ ಉಪ್ಪುನೀರನ್ನು ತಡೆದುಕೊಳ್ಳುವ ತಳಿ. ಗಜನಿಗಳಲ್ಲಿ ಇದರ ಬೇಸಾಯ ಕುಗ್ಗಲು ಸಿಗಡಿಯ ಲಾಭವೊಂದೇ ಕಾರಣ ಎನ್ನಲಾಗದು. ಕಟ್ಟೆಗಳ ದುರಸ್ತಿಯನ್ನು ಊರಿನವರೇ ಕೂಡಿ ಮಾಡುತ್ತಿದ್ದ ಪದ್ಧತಿ ಸಡಿಲವಾದದ್ದೂ ಬಹುಶಃ ಅಷ್ಟೇ ದೊಡ್ಡ ಕಾರಣ. ಕಟ್ಟೆ ಒಂದು ಕಡೆ ಒಡೆದರೆ ಒಬ್ಬನ ಗದ್ದೆಗಲ್ಲ, ಇಡೀ ಬಯಲಿಗೇ ಉಪ್ಪು ನುಗ್ಗುತ್ತದೆ. ಗಜನಿಯಲ್ಲಿ ಒಂಟಿ ರೈತ ಎಂಬುವನಿಲ್ಲ.

ಬರೆಯಲು ಕೂರುವ ಮೊದಲು ಇದರಲ್ಲಿ ಏನೇನಿದೆ ಎಂದು ಬಿಡಿಸಿ ನೋಡಬೇಕು. ಕಗ್ಗ ಉಪ್ಪನ್ನು ತಡೆಯುತ್ತದೆ ಎಂಬುದು ಎಲ್ಲರೂ ಒಪ್ಪಿದ ಸಂಗತಿ, ಕ ಕಂಡುಹಿಡಿದದ್ದಲ್ಲ. ಕಟ್ಟೆ ಕಾಯುವ ಪದ್ಧತಿ ಸಡಿಲವಾದದ್ದು ಸಿಗಡಿಯಷ್ಟೇ ದೊಡ್ಡ ಕಾರಣ ಎಂಬುದು ಕ ಅವರ ವಾದ. ಆ ವಾದಕ್ಕೆ "ಬಹುಶಃ" ಎಂಬ ಅಳತೆ ಇದೆ. ಕಟ್ಟೆ ಒಡೆದರೆ ಎಲ್ಲರಿಗೂ ನಷ್ಟ ಎಂಬುದು ವಾದದ ಹಿಂದಿನ ತರ್ಕ. ಕೊನೆಯ ವಾಕ್ಯ ಅವರೇ ಕಟ್ಟಿದ ಮಾತು. ಅದರಲ್ಲಿ ವಿಚಾರದ ಜೊತೆಗೆ ಹೇಳಿದ ರೀತಿಯೂ ಅವರದ್ದೇ.

## ಪದ ಬದಲಿಸಿದರೆ ಸಾಕೇ?

ಗಡಿಬಿಡಿಯಲ್ಲಿ ಬರುವ ಮೊದಲ ಬರಹ ಸಾಮಾನ್ಯವಾಗಿ ಹೀಗಿರುತ್ತದೆ:

> ಕಗ್ಗ ಲವಣಜಲವನ್ನು ಸಹಿಸಿಕೊಳ್ಳುವ ತಳಿ. ಗಜನಿಗಳಲ್ಲಿ ಇದರ ಕೃಷಿ ಇಳಿಮುಖವಾಗಲು ಸಿಗಡಿಯ ಆದಾಯ ಮಾತ್ರವೇ ಕಾರಣ ಎಂದು ಹೇಳಲಾಗದು. ದಂಡೆಗಳ ರಿಪೇರಿಯನ್ನು ಗ್ರಾಮಸ್ಥರೇ ಸೇರಿ ಮಾಡುತ್ತಿದ್ದ ರೂಢಿ ದುರ್ಬಲವಾದದ್ದೂ ಅಷ್ಟೇ ಮುಖ್ಯ ಕಾರಣ (ಕ, 2015).

ಮೇಲಿನ ಪ್ಯಾರಾದ ಪಕ್ಕ ಇದನ್ನಿಟ್ಟು ನೋಡಿ. ಉಪ್ಪುನೀರು ಹೋಗಿ ಲವಣಜಲ ಬಂದಿದೆ, ಬೇಸಾಯ ಹೋಗಿ ಕೃಷಿ ಬಂದಿದೆ, ಊರಿನವರು ಹೋಗಿ ಗ್ರಾಮಸ್ಥರು ಬಂದಿದ್ದಾರೆ. ವಾಕ್ಯಗಳ ಸಾಲು ಅದೇ, ಒಂದೊಂದು ವಾಕ್ಯದ ಒಳಗಿನ ಜೋಡಣೆಯೂ ಅದೇ. ಇಂಗ್ಲಿಷ್ ಬರವಣಿಗೆ ಕಲಿಸುವವರಲ್ಲಿ ಇದಕ್ಕೆ ಪ್ಯಾಚ್‌ರೈಟಿಂಗ್ ಎಂಬ ಹೆಸರಿದೆ. ಅಮೆರಿಕದ ಅಧ್ಯಾಪಕಿ ರೆಬೆಕಾ ಮೂರ್ ಹವರ್ಡ್ 1990ರ ದಶಕದಲ್ಲಿ ಈ ಪದವನ್ನು ಚಾಲ್ತಿಗೆ ತಂದರು. ಬಹಳ ಸಲ ಇದು ಕದಿಯುವ ಉದ್ದೇಶದಿಂದ ಆಗುವುದಲ್ಲ, ಓದಿದ್ದು ಇನ್ನೂ ಪೂರ್ತಿ ತಲೆಗೆ ಹೋಗದಿದ್ದಾಗ ಕಲಿಯುವವರು ಹೀಗೆ ಬರೆಯುತ್ತಾರೆ ಎಂಬುದು ಅವರ ವಾದವಾಗಿತ್ತು. ಕಾರಣ ಏನೇ ಇರಲಿ, ಪ್ರಬಂಧದಲ್ಲಿ ಇದು ಒಪ್ಪಿತವಲ್ಲ.

ಕೊನೆಯಲ್ಲಿ ಕ ಅವರ ಹೆಸರಿದೆಯಲ್ಲ, ಮತ್ತೇನು ತಪ್ಪು ಎಂದು ಕೇಳಬಹುದು. ಉದ್ಧರಣ ಚಿಹ್ನೆ ಇಲ್ಲದೆ ಬ್ರಾಕೆಟ್ ಮಾತ್ರ ಇದ್ದರೆ ಓದುವವರಿಗೆ ಸಿಗುವ ಸೂಚನೆ ಒಂದೇ: ವಿಚಾರ ಕ ಅವರದ್ದು, ವಾಕ್ಯ ಬರೆದವರದ್ದು. ಇಲ್ಲಿ ವಾಕ್ಯವೂ ಕ ಅವರದ್ದೇ. ಅಂದರೆ ವಿಚಾರಕ್ಕೆ ಋಣ ತೀರಿಸಿ, ವಾಕ್ಯವನ್ನು ಇಟ್ಟುಕೊಂಡ ಹಾಗಾಯಿತು.

ಇನ್ನೊಂದು ನಷ್ಟವೂ ಆಗಿದೆ. "ಬಹುಶಃ" ಎಂಬ ಪದ ದಾರಿಯಲ್ಲಿ ಬಿದ್ದುಹೋಗಿದೆ. ಕ ಅಂದಾಜಿಸಿದ್ದನ್ನು ವಿದ್ಯಾರ್ಥಿನಿ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಪದಪದವಾಗಿ ಬದಲಿಸುವಾಗ ಹೀಗಾಗುವುದು ಸಹಜ. ಕಣ್ಣು ದೊಡ್ಡ ಪದಗಳಿಗೆ ಬದಲಿ ಹುಡುಕುತ್ತಿರುತ್ತದೆ, ಸಣ್ಣವು ಗಮನಕ್ಕೆ ಬರುವುದಿಲ್ಲ.

"ದಂಡೆ" ಎಂಬುದನ್ನೂ ನೋಡಿ. ಗಜನಿಯ ಕಟ್ಟೆ ಅಂದರೆ ಉಪ್ಪುನೀರನ್ನು ತಡೆಯಲು ಜನ ಕಟ್ಟಿದ್ದು. ದಂಡೆ ಅಂದರೆ ಹೊಳೆಯ ಅಂಚು. ಹೊಳೆಯ ದಂಡೆಯನ್ನು ಯಾರೂ ಕಟ್ಟಬೇಕಿಲ್ಲ. ಪದ ಬದಲಿಸಲೇಬೇಕು ಎಂಬ ಹಟಕ್ಕೆ ಬಿದ್ದರೆ ವಿಷಯವೇ ತಪ್ಪಾಗುತ್ತದೆ. ಕಗ್ಗ, ಗಜನಿ, ಕಟ್ಟೆ, ಸಿಗಡಿ, ಇವೆಲ್ಲ ಆ ಕೆಲಸದ ಪದಗಳು. ಅವು ಯಾವ ಲೇಖಕರ ಸ್ವತ್ತೂ ಅಲ್ಲ. ಅವನ್ನು ಹಾಗೇ ಬಳಸಬಹುದು, ಚಿಹ್ನೆಯೊಳಗೆ ಇಡುವುದೂ ಬೇಡ.

ಈಗ ಇದರ ತದ್ವಿರುದ್ಧ ತಪ್ಪು:

> ಊರಿನ ಒಗ್ಗಟ್ಟು ಮುರಿದದ್ದರಿಂದ ಕಗ್ಗ ಬೆಳೆಯುವುದು ನಿಂತುಹೋಯಿತು (ಕ, 2015).

ಇಲ್ಲಿ ವಾಕ್ಯ ಪೂರ್ತಿ ಹೊಸದು. ಸಾಫ್ಟ್‌ವೇರ್ ಇದಕ್ಕೆ ಬಣ್ಣ ಬಳಿಯುವುದಿಲ್ಲ. ಆದರೆ ಕ "ಕುಗ್ಗಿತು" ಎಂದಿದ್ದರು, ನಿಂತುಹೋಯಿತು ಎಂದಿರಲಿಲ್ಲ. ಅವರು ಎರಡು ಕಾರಣ ಕೊಟ್ಟಿದ್ದರು, ಇಲ್ಲಿ ಒಂದೇ ಉಳಿದಿದೆ. ದುರಸ್ತಿಯ ಪದ್ಧತಿ ಸಡಿಲವಾಯಿತು ಎಂದದ್ದು ಊರಿನ ಒಗ್ಗಟ್ಟೇ ಮುರಿಯಿತು ಎಂದಾಗಿದೆ. ಅವರು ಹೇಳದ್ದನ್ನು ಅವರ ತಲೆಗೆ ಕಟ್ಟಿದಂತಾಯಿತು. ನನ್ನ ಲೆಕ್ಕದಲ್ಲಿ ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಮೊದಲನೆಯದನ್ನು ಹಿಡಿಯಲು ಸಾಫ್ಟ್‌ವೇರಾದರೂ ಇದೆ. ಇದನ್ನು ಹಿಡಿಯಬೇಕಾದರೆ ಯಾರಾದರೂ ಪುಟ 42 ತೆಗೆದು ಓದಬೇಕು.

## ಪುಸ್ತಕ ಮುಚ್ಚಿ ಬರೆಯುವುದು

ಹಳೆಯ ಉಪಾಯ, ಇವತ್ತಿಗೂ ನಡೆಯುತ್ತದೆ: ಪ್ಯಾರಾವನ್ನು ಅರ್ಥವಾಗುವವರೆಗೆ ಓದಿ, ಪುಸ್ತಕ ಮುಚ್ಚಿ, ಪಕ್ಕದವರಿಗೆ ಬಾಯಲ್ಲಿ ಹೇಳಿ. ಬಾಯಲ್ಲಿ ಹೇಳುವಾಗ ಯಾರೂ ಲವಣಜಲ ಎನ್ನುವುದಿಲ್ಲ. ವಾಕ್ಯದ ಸಾಲು ತಾನಾಗಿ ಬದಲಾಗುತ್ತದೆ, ಯಾಕೆಂದರೆ ಕೇಳುವವರಿಗೆ ಮೊದಲು ಏನು ತಿಳಿಯಬೇಕು ಎಂಬುದನ್ನು ನೋಡಿಕೊಂಡು ನಾವು ಶುರು ಮಾಡುತ್ತೇವೆ. ಹೇಳಲು ಬರಲಿಲ್ಲ ಎಂದರೆ ಪ್ಯಾರಾ ಇನ್ನೂ ಅರ್ಥವಾಗಿಲ್ಲ. ಆಗ ಬರೆಯಲು ಹೋಗದೆ ಇನ್ನೊಮ್ಮೆ ಓದುವುದೇ ವಾಸಿ.

ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನನ್ನ ಅಧ್ಯಾಯದಲ್ಲಿ ಈ ಪ್ಯಾರಾಕ್ಕೆ ಏನು ಕೆಲಸ? ಕ ಅವರು ಕಗ್ಗದಿಂದ ಶುರು ಮಾಡಿದ್ದರು, ಅವರ ಪುಸ್ತಕ ತಳಿಯ ಬಗ್ಗೆ ಇದ್ದಿರಬಹುದು. ನಮ್ಮ ವಿದ್ಯಾರ್ಥಿನಿಯ ಅಧ್ಯಾಯ ಊರಿನ ಕೂಡು ಕೆಲಸಗಳ ಬಗ್ಗೆ. ಹಾಗಿದ್ದಾಗ ಆಕೆ ಕಟ್ಟೆಯಿಂದಲೇ ಶುರು ಮಾಡಬಹುದು. ಪ್ಯಾರಾಫ್ರೇಸ್‌ನ ಜೋಡಣೆ ಬದಲಾಗಲು ಅಸಲಿ ಕಾರಣ ಇದೇ ಆಗಿರಬೇಕು. ಬಣ್ಣ ತಪ್ಪಿಸುವುದಕ್ಕೆಂದು ವಾಕ್ಯ ತಿರುಗಿಸಿದರೆ ತಿರುಗಿಸಿದ್ದು ಎದ್ದು ಕಾಣುತ್ತದೆ.

ಆಕೆ ಬರೆದದ್ದು ಹೀಗಿದೆ ಅಂದುಕೊಳ್ಳಿ:

> ಗಜನಿಯ ಮಣ್ಣಿನ ಕಟ್ಟೆಯನ್ನು ಕಾಯುವುದು ಒಂದು ಕಾಲಕ್ಕೆ ಇಡೀ ಊರಿನ ಹೊಣೆಯಾಗಿತ್ತು. ಈ ಹೊಣೆ ಕಳಚಿಕೊಂಡದ್ದು ಕಗ್ಗದ ಬೇಸಾಯ ಕಡಿಮೆಯಾಗಲು ಸಿಗಡಿಯ ಲಾಭದಷ್ಟೇ ಕಾರಣವಾಗಿರಬಹುದು ಎಂದು ಕ (2015, ಪು. 42) ಅಂದಾಜಿಸುತ್ತಾರೆ. ಒಂದು ಕಡೆ ಬಿರುಕು ಬಿಟ್ಟರೂ ಎಲ್ಲರ ಗದ್ದೆಗೆ ಉಪ್ಪು ಬರುವುದರಿಂದ "ಗಜನಿಯಲ್ಲಿ ಒಂಟಿ ರೈತ ಎಂಬುವನಿಲ್ಲ" ಎನ್ನುತ್ತಾರೆ ಅವರು.

ಇದು ಚೆನ್ನಾಗಿದೆ. ಎರಡು ಕಾರಣಗಳೂ ಇವೆ, ಅಂದಾಜು ಅಂದಾಜಾಗಿಯೇ ಉಳಿದಿದೆ. ಕೊನೆಯ ಮಾತನ್ನು ಆಕೆ ಬದಲಿಸಲು ಹೋಗಿಲ್ಲ. "ಗಜನಿಯಲ್ಲಿ ಏಕಾಂಗಿ ಕೃಷಿಕರು ಇರುವುದಿಲ್ಲ" ಎಂದು ಬರೆದಿದ್ದರೆ ಅದು ಆಕೆಯದೂ ಆಗುತ್ತಿರಲಿಲ್ಲ, ಕ ಅವರದೂ ಆಗುತ್ತಿರಲಿಲ್ಲ. ಲೇಖಕರೇ ಕಟ್ಟಿದ ಇಂಥ ಒಂದು ಮಾತನ್ನು ಪ್ಯಾರಾಫ್ರೇಸ್‌ನ ನಡುವೆ ಚಿಹ್ನೆ ಹಾಕಿ ಹಾಗೇ ಇಡಬಹುದು, ಅದು ಸೋಮಾರಿತನವಲ್ಲ.

ಈಗ ಪುಸ್ತಕ ತೆರೆದು ಪಕ್ಕಪಕ್ಕ ಇಟ್ಟು ಓದಬೇಕು. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇಟ್ಟು ನೋಡಿದರೆ ಒಂದು ಪದ ಸಿಕ್ಕಿಬೀಳುತ್ತದೆ: "ಮಣ್ಣಿನ". ಕಟ್ಟೆ ಮಣ್ಣಿನದ್ದು ಎಂದು ಕ ಹೇಳಿಲ್ಲ. ವಿದ್ಯಾರ್ಥಿನಿ ಕುಮಟಾ ಕಡೆಯವಳು, ಮಣ್ಣಿನ ಕಟ್ಟೆ ನೋಡಿ ಬೆಳೆದವಳು. ಕೈ ತಾನಾಗಿ ಆ ಪದ ಬರೆದಿದೆ. ಸಂಗತಿ ನಿಜವೇ ಇರಬಹುದು, ಆದರೆ ಆ ವಾಕ್ಯವನ್ನು ಓದಿದವರು ಅದನ್ನೂ ಕ ಅವರ ಲೆಕ್ಕಕ್ಕೇ ಹಾಕುತ್ತಾರೆ. ಊರ ವಿಷಯದ ಮೇಲೆ ಊರಿನವರೇ ಬರೆಯುವಾಗ ಆಗುವ ತಪ್ಪು ಇದು. ಹೊರಗಿನವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತದೆ, ಅದು ನಮಗೆ ತಿಳಿಯದಂತೆ ಇನ್ನೊಬ್ಬರ ಮಾತಿನೊಳಗೆ ಸೇರಿಕೊಳ್ಳುತ್ತದೆ. "ಮಣ್ಣಿನ" ಎಂಬುದನ್ನು ತೆಗೆದುಬಿಡಬೇಕು. ಇಲ್ಲವೇ ಕಟ್ಟೆ ಹೇಗಿರುತ್ತದೆ ಎಂದು ತಾನೇ ನೋಡಿ ಬರೆದ ಬೇರೆ ವಾಕ್ಯಕ್ಕೆ ಅದನ್ನು ಸಾಗಿಸಬೇಕು.

## ಬ್ರಾಕೆಟ್ ಎಲ್ಲಿ ಕೂರಬೇಕು?

ಇನ್ನೊಂದು ತೊಡಕಿದೆ. ಆಕೆಯ ಮೊದಲ ವಾಕ್ಯದಲ್ಲಿ ಕ ಅವರ ಹೆಸರಿಲ್ಲ. ಹೆಸರು ಬರುವುದು ಎರಡನೆಯದರಲ್ಲಿ. ಕಟ್ಟೆ ಕಾಯುವುದು ಊರಿನ ಹೊಣೆಯಾಗಿತ್ತು ಎಂಬ ಸಂಗತಿ ಯಾರದ್ದು ಹಾಗಾದರೆ? ಓದುವವರಿಗೆ ಅದು ಆಕೆಯದೇ ಅನಿಸಬಹುದು, ಆಕೆ ತೆಗೆದುಕೊಂಡದ್ದು ಮಾತ್ರ ಕ ಅವರಿಂದ.

ಉಲ್ಲೇಖ ಎಂಬುದು ಒಂದು ಗಡಿ ತೋರಿಸಬೇಕು: ಇಲ್ಲಿಂದ ಇವರ ವಿಚಾರ ಶುರು, ಇಲ್ಲಿಗೆ ಮುಗಿಯಿತು. ಪ್ಯಾರಾದ ಕಟ್ಟಕಡೆಯಲ್ಲಿ ಒಂದು ಬ್ರಾಕೆಟ್ ಇಟ್ಟರೆ ಎಲ್ಲಿ ಮುಗಿಯಿತು ಎಂಬುದು ಗೊತ್ತಾಗುತ್ತದೆ, ಎಲ್ಲಿ ಶುರುವಾಯಿತು ಎಂಬುದು ಗೊತ್ತಾಗುವುದಿಲ್ಲ. ಕಡೆಯ ವಾಕ್ಯ ಮಾತ್ರ ಅವರದ್ದೇ, ಇಡೀ ಪ್ಯಾರಾವೇ? ಇದಕ್ಕೆ ಸುಲಭದ ದಾರಿ, ಹೆಸರನ್ನು ಶುರುವಿನಲ್ಲೇ ವಾಕ್ಯದೊಳಗೆ ತರುವುದು: "ಕ (2015, ಪು. 42) ಹೇಳುವಂತೆ, ಗಜನಿಯ ಕಟ್ಟೆಯನ್ನು ಕಾಯುವುದು ಒಂದು ಕಾಲಕ್ಕೆ ಇಡೀ ಊರಿನ ಹೊಣೆಯಾಗಿತ್ತು." ಮುಂದಿನ ವಾಕ್ಯಗಳಲ್ಲಿ "ಅವರು ಅಂದಾಜಿಸುತ್ತಾರೆ", "ಅವರ ಪ್ರಕಾರ" ಎಂದು ಎಳೆ ಹಿಡಿದುಕೊಂಡು ಹೋದರೆ ಪ್ರತಿ ವಾಕ್ಯಕ್ಕೂ ಬ್ರಾಕೆಟ್ ಹಾಕಬೇಕಿಲ್ಲ. ನಮ್ಮ ಸ್ವಂತ ಮಾತು ಶುರುವಾಗುವ ಕಡೆ ಅದೂ ಗೊತ್ತಾಗಬೇಕು: "ನಾನು ಮಾತಾಡಿಸಿದ ರೈತರಲ್ಲಿ ಮಾತ್ರ..." ಎಂದು ಶುರು ಮಾಡಿದರೆ ಗಡಿ ದಾಟಿದ್ದು ಓದುವವರಿಗೆ ತಿಳಿಯುತ್ತದೆ. ಕನ್ನಡದಲ್ಲಿ "ಎಂದು", "ಎಂಬುದು", "ಅಂತೆ" ಇವೆಲ್ಲ ಈ ಕೆಲಸಕ್ಕೆಂದೇ ಇವೆ. ಅವನ್ನು ಧಾರಾಳವಾಗಿ ಬಳಸಬಹುದು, ಪ್ರಬಂಧದಲ್ಲಿ "ಅಂತೆ" ಒಂದನ್ನು ಬಿಟ್ಟು.

ಪುಟದ ಸಂಖ್ಯೆ ಬೇಕೇ ಬೇಡವೇ ಎಂಬುದು ಶೈಲಿಯ ಮೇಲೆ ಹೋಗುತ್ತದೆ. ಸಮಾಜ ವಿಜ್ಞಾನದವರು ಬಳಸುವ ಎಪಿಎ ಶೈಲಿಯಲ್ಲಿ ಪ್ಯಾರಾಫ್ರೇಸ್‌ಗೆ ಹೆಸರು, ವರ್ಷ ಸಾಕು. ಪುಟ ಕಡ್ಡಾಯವಲ್ಲ, ಕೊಟ್ಟರೆ ಒಳ್ಳೆಯದು. ಉದ್ಧರಣೆಗಾದರೆ ಪುಟ ಬೇಕೇ ಬೇಕು. ಸಾಹಿತ್ಯದವರು ಬಳಸುವ ಎಂಎಲ್ಎ ಶೈಲಿಯಲ್ಲಿ ಎರಡಕ್ಕೂ ಪುಟ ಕೊಡುತ್ತಾರೆ. ಕನ್ನಡ ಪ್ರಬಂಧಗಳಲ್ಲಿ ಅಡಿಟಿಪ್ಪಣಿಯ ರೂಢಿಯೂ ಇದೆ. ವಿಭಾಗದಲ್ಲಿ ಯಾವುದು ಕೇಳುತ್ತಾರೋ ಅದನ್ನೇ ಉದ್ದಕ್ಕೂ ಹಿಡಿದರಾಯಿತು. ಆದರೆ ಟಿಪ್ಪಣಿ ಮಾಡಿಕೊಳ್ಳುವಾಗ ಪುಟ ಬರೆದಿಟ್ಟುಕೊಳ್ಳುವುದು ಮಾತ್ರ ಯಾವ ಶೈಲಿಯವರಿಗೂ ತಪ್ಪಿದ್ದಲ್ಲ. ಲೈಬ್ರರಿಯಲ್ಲಿ ಮೊಬೈಲಿನಿಂದ ಒಂದು ಪುಟದ ಫೋಟೋ ಹೊಡೆದುಕೊಂಡು ಬಂದು, ಆರು ತಿಂಗಳ ಮೇಲೆ ಅದು ಯಾವ ಪುಸ್ತಕ ಎಂದು ತಲೆ ಕೆರೆದುಕೊಳ್ಳುವವರು ಎಷ್ಟು ಜನ! ಒಳಪುಟದ ಜೊತೆ ಶೀರ್ಷಿಕೆ ಪುಟದ ಫೋಟೋವನ್ನೂ ಹೊಡೆಯಿರಿ.

ಎಲ್ಲಕ್ಕೂ ಉಲ್ಲೇಖ ಬೇಕೇ? ಬೇಡ. ಕಾಳಿ ನದಿ ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ ಎಂಬುದಕ್ಕೆ ಯಾರ ಹೆಸರೂ ಬೇಡ, ಅದು ಎಲ್ಲರಿಗೂ ಗೊತ್ತಿರುವುದು. ಕಗ್ಗ ಉಪ್ಪನ್ನು ತಡೆಯುತ್ತದೆ ಎಂಬುದೂ ಈ ವಿಷಯದವರಿಗೆಲ್ಲ ಗೊತ್ತು. ಎಷ್ಟು ಉಪ್ಪನ್ನು ತಡೆಯುತ್ತದೆ ಎಂದು ಅಂಕಿ ಕೊಟ್ಟ ಕೂಡಲೇ ಅಳೆದವರ ಹೆಸರು ಬೇಕಾಗುತ್ತದೆ.

## ಮೂಲ ಇಂಗ್ಲಿಷಿನಲ್ಲಿದ್ದರೆ

ನಮ್ಮ ಕರಾವಳಿಯ ಮೇಲೆ ಆಗಿರುವ ಸಂಶೋಧನೆ ಬಹಳಷ್ಟು ಇರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯುವವರು ಅದನ್ನು ಓದಿ ಕನ್ನಡಕ್ಕೆ ತರುತ್ತಾರೆ. ಭಾಷೆಯೇ ಬದಲಾಯಿತು, ಒಂದು ಪದವೂ ಅದೇ ಅಲ್ಲ, ಹಾಗಾಗಿ ಇದು ನನ್ನ ಬರಹ ಎಂಬ ಭಾವನೆ ಇಲ್ಲಿ ಸುಲಭವಾಗಿ ಬರುತ್ತದೆ. ವಾಕ್ಯವಾಕ್ಯವಾಗಿ ಅನುವಾದ ಮಾಡಿ ಹೆಸರು ಬಿಟ್ಟರೆ ಅದು ಕೃತಿಚೌರ್ಯವೇ. ಲೇಖಕರು ವಾದ ಕಟ್ಟಿದ ರೀತಿ, ಉದಾಹರಣೆ ಆರಿಸಿದ ರೀತಿ ಎಲ್ಲ ಹಾಗೇ ದಾಟಿ ಬಂದಿರುತ್ತದೆ.

ಹೆಸರು ಕೊಟ್ಟರೆ? ಇಲ್ಲಿ ಶೈಲಿಗಳು ಬೇರೆಬೇರೆ ಹೇಳುತ್ತವೆ. ನೀವೇ ಮಾಡಿದ ಅನುವಾದವನ್ನು ಎಪಿಎ ಪ್ಯಾರಾಫ್ರೇಸ್ ಎಂದೇ ಎಣಿಸುತ್ತದೆ: ಉದ್ಧರಣ ಚಿಹ್ನೆ ಬೇಡ, ಹೆಸರು ಮತ್ತು ವರ್ಷ ಬೇಕು. ಪ್ರಕಟವಾದ ಅನುವಾದದಿಂದ ಎತ್ತಿದರೆ ಅದು ಉದ್ಧರಣೆ, ಚಿಹ್ನೆ ಬೇಕು. ಸಾಹಿತ್ಯದ ಕಡೆಯವರು ಸ್ವಂತ ಅನುವಾದವನ್ನೂ ಚಿಹ್ನೆಯೊಳಗಿಟ್ಟು "ಅನುವಾದ ನನ್ನದು" ಎಂದು ಸೇರಿಸುವುದು ಹೆಚ್ಚು. ಒಂದೆರಡು ವಾಕ್ಯಕ್ಕೆ ಯಾವುದಾದರೂ ಸರಿ. ಒಂದಿಡೀ ಪುಟವನ್ನು ಹೀಗೆ ಅನುವಾದಿಸಿ ತಲೆಗೊಂದು ಬ್ರಾಕೆಟ್ ಇಟ್ಟು ಪ್ಯಾರಾಫ್ರೇಸ್ ಎಂದರೆ ಯಾವ ಗೈಡೂ ಒಪ್ಪಲಾರರು. ಅಷ್ಟು ಉದ್ದ ಬೇಕಿದ್ದರೆ ಅದು ಅನುವಾದ ಎಂದೇ ಹೇಳಿ ಕೊಡಬೇಕು.

## ಸಾಫ್ಟ್‌ವೇರ್‌ಗೆ ಕಾಣುವುದು ಏನು?

ಸಾಮ್ಯತೆ ವರದಿ ಎಂಬುದು ಮುಖ್ಯವಾಗಿ ಪದಗಳ ಸಾಲನ್ನು ಹೋಲಿಸಿದ್ದರ ಫಲ. ವಿಚಾರ ಯಾರದ್ದು ಎಂದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಅದು ಎರಡೂ ಕಡೆ ತಪ್ಪುತ್ತದೆ. ಚಿಹ್ನೆ ಹಾಕಿ ಹೆಸರು ಕೊಟ್ಟ ಸಾಲಿಗೂ ಬಣ್ಣ ಬರಬಹುದು. ಹೆಸರೇ ಕೊಡದೆ ಚೆನ್ನಾಗಿ ತಿರುಗಿಸಿ ಬರೆದ ಕಳವಿಗೆ ಬರದೇ ಇರಬಹುದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವಂತೂ ಕಂಪ್ಯೂಟರಿನ ಒಳಗೆ ರೋಮನ್ ಅಕ್ಷರಗಳ ರಾಶಿಯಾಗಿ ಕೂತಿರುತ್ತದೆ. ಯೂನಿಕೋಡ್ ಕನ್ನಡದ ಜೊತೆ ಅದು ತಾಳೆಯಾಗುವುದೇ ಇಲ್ಲ. ವರದಿಯಲ್ಲಿ ಸೊನ್ನೆ ಬಂದರೆ ಅದರ ಅರ್ಥ ಇಷ್ಟೇ ಆಗಿರಬಹುದು.

ನಿಯಮದ ಮಾತಿಗೆ ಬಂದರೆ, ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಸಾಮ್ಯತೆ 10 ಪ್ರತಿಶತದವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಪ್ರಬಂಧವನ್ನು ತಿದ್ದಿ, ಹೆಚ್ಚೆಂದರೆ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಹೆಸರು ಕೊಟ್ಟು ಉದ್ಧರಿಸಿದ್ದು, ಗ್ರಂಥಋಣ, ಮುನ್ನುಡಿ ಮುಂತಾದವನ್ನು ಈ ಎಣಿಕೆಯಿಂದ ಬಿಡುತ್ತಾರೆ. ಎಲ್ಲರಿಗೂ ಗೊತ್ತಿರುವ ಅಥವಾ ಕಾಕತಾಳೀಯವಾಗಿ ಒಂದೇ ಆದ, ಸತತ 14 ಪದಗಳವರೆಗಿನ ಹೋಲಿಕೆಗೂ ವಿನಾಯಿತಿ ಇದೆ.

ಹಾಸ್ಟೆಲ್‌ಗಳಲ್ಲಿ ಈ ಕೊನೆಯದು "14 ಪದ ಕಾಪಿ ಮಾಡಬಹುದು" ಎಂದಾಗಿಬಿಟ್ಟಿದೆ. ಹಾಗಿಲ್ಲ. ಅಪ್ಪಿತಪ್ಪಿ ಒಂದೇ ರೀತಿ ಬಂದ ಸಾಮಾನ್ಯ ಮಾತಿಗೆ ಕೊಟ್ಟ ವಿನಾಯಿತಿ ಅದು. "ಗಜನಿಯಲ್ಲಿ ಒಂಟಿ ರೈತ ಎಂಬುವನಿಲ್ಲ" ಎಂಬುದರಲ್ಲಿ ನಾಲ್ಕೇ ಪದ ಇವೆ, ಆದರೂ ಅದು ಕ ಅವರದ್ದು. 10 ಪ್ರತಿಶತದ ಕಥೆಯೂ ಅಷ್ಟೇ. ಅದು ದಂಡ ಶುರುವಾಗುವ ಗೆರೆ.

## ಪುಸ್ತಕದೊಳಗೆ ಇನ್ನೊಂದು ಪುಸ್ತಕ

ಉತ್ತರ ಕನ್ನಡದ ಬಗ್ಗೆ ಬರೆಯುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವುದು 1883ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಕೆನರಾ ಸಂಪುಟ. ಜಿಲ್ಲೆ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಬೆಳೆ, ಬಂದರು, ಜಾತ್ರೆ, ಯಾವುದರ ಬಗ್ಗೆ ಬರೆದರೂ ಯಾರೋ ಒಬ್ಬರು ಅದರಿಂದ ಒಂದು ಸಾಲು ಎತ್ತಿರುತ್ತಾರೆ. ನಾವು ಅವರ ಪುಸ್ತಕದಿಂದ ಆ ಸಾಲನ್ನು ಎತ್ತುತ್ತೇವೆ. ಬ್ರಾಕೆಟ್‌ನಲ್ಲಿ ನೇರ ಗೆಜೆಟಿಯರ್‌ನ ಹೆಸರನ್ನೇ ಹಾಕುತ್ತೇವೆ, ಅದು ಹೆಚ್ಚು ತೂಕವಾಗಿ ಕಾಣುತ್ತದೆ ಅಲ್ವಾ!

ಆದರೆ ನಾವು ಓದಿದ್ದು ಗೆಜೆಟಿಯರ್ ಅಲ್ಲ. ಕ ಅವರು ಅದನ್ನು ಪ್ಯಾರಾಫ್ರೇಸ್ ಮಾಡಿದ್ದನ್ನು ನಾವು ಮತ್ತೆ ಪ್ಯಾರಾಫ್ರೇಸ್ ಮಾಡುತ್ತಿದ್ದೇವೆ. ಅವರಲ್ಲಿ ಒಂದು "ಬಹುಶಃ" ಬಿದ್ದುಹೋಗಿದ್ದರೆ ನಮಗೆ ತಿಳಿಯುವುದೇ ಇಲ್ಲ. ಪ್ರಾಮಾಣಿಕವಾಗಿ ಬರೆಯುವುದಾದರೆ "(ಕೆನರಾ ಗೆಜೆಟಿಯರ್, 1883, ಕ, 2015ರಲ್ಲಿ ಉಲ್ಲೇಖಿಸಿದಂತೆ)" ಎಂದಾಗಬೇಕು. ಗ್ರಂಥಋಣದಲ್ಲಿ ಬರುವುದು ಕ ಅವರ ಪುಸ್ತಕ ಮಾತ್ರ, ಯಾಕೆಂದರೆ ಕೈಯಲ್ಲಿ ಹಿಡಿದು ಓದಿದ್ದು ಅದನ್ನೇ. ಮೂಲ ಸಿಗುವಂತಿದ್ದರೆ ಹುಡುಕಿ ಓದುವುದು ಎಲ್ಲಕ್ಕಿಂತ ಒಳ್ಳೆಯದು. ಗೆಜೆಟಿಯರ್‌ನಂಥ ಹಳೆಯ ಸರ್ಕಾರಿ ಪುಸ್ತಕಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಹುಡುಕುವುದು ದೊಡ್ಡ ಕೆಲಸವೂ ಅಲ್ಲ.

ಮುದ್ರಣದಲ್ಲಿ ಇಲ್ಲದ ಮೂಲಕ್ಕೂ ಇದೇ ಲೆಕ್ಕ. ಗಜನಿಯ ಬಗ್ಗೆ ಬರೆಯುವಾಗ ಪುಸ್ತಕಕ್ಕಿಂತ ಜಾಸ್ತಿ ವಿಷಯ ಸಿಗುವುದು ಗದ್ದೆಯ ಬದುವಿನ ಮೇಲೆ ನಿಂತು ಮಾತಾಡುವ ರೈತರಿಂದ. ಅವರು ಹೇಳಿದ್ದನ್ನು ನಮ್ಮ ಶಿಷ್ಟ ಕನ್ನಡಕ್ಕೆ ತಿರುಗಿಸಿ, "ಹಳೆಯ ಕಾಲದಲ್ಲಿ ಕಟ್ಟೆ ಕೆಲಸಕ್ಕೆ ಮನೆಗೊಬ್ಬರು ಬರುತ್ತಿದ್ದರು" ಎಂದು ನಮ್ಮದೇ ತಿಳಿವಳಿಕೆ ಎಂಬಂತೆ ಬರೆದುಬಿಡುತ್ತೇವೆ. ಇದೂ ಹೆಸರಿಲ್ಲದ ಪ್ಯಾರಾಫ್ರೇಸ್. ಹೆಸರು ಹಾಕಲು ಅವರು ಒಪ್ಪದಿದ್ದರೆ ಗುರುತು ಕೊಡದೆಯೇ ಮೂಲ ತೋರಿಸಬಹುದು: "ಎಪ್ಪತ್ತು ದಾಟಿದ ಒಬ್ಬ ರೈತರ ಪ್ರಕಾರ (ಸಂದರ್ಶನ 3, ಕುಮಟಾ ತಾಲ್ಲೂಕು)". ಸಂದರ್ಶನದ ತಾರೀಖು, ಧ್ವನಿಮುದ್ರಣದ ಫೈಲ್, ಅದನ್ನು ಬರೆದಿಳಿಸಿದ ಪ್ರತಿ ಇವು ನಮ್ಮ ಹತ್ತಿರ ಇರಬೇಕು. ಗೈಡ್ ಕೇಳಿದರೆ ನಮ್ಮ ವಾಕ್ಯವನ್ನೂ ಅವರ ಮಾತನ್ನೂ ಪಕ್ಕಪಕ್ಕ ಇಟ್ಟು ತೋರಿಸಲು ಬರುವಂತಿರಬೇಕು.